ಇಯರ್‌ಬಡ್‌ನ ವಿವರಣೆ: ಕಂಪನಿ ಹೇಳಿದ್ದು ಎಷ್ಟು, ನಾವು ಅಳೆದದ್ದು ಎಷ್ಟು? – ಪದೇ ಪದೇ ಕೇಳುವ ಪ್ರಶ್ನೆಗಳು

ಜಯನಗರದ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಅಂಗಡಿಗೆ ನಾನು ಆರು ವರ್ಷಗಳಿಂದ ಸಾಮಾನುಗಳ ವಿವರಣೆಯನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಇಯರ್‌ಬಡ್‌ಗಳ ಬಗ್ಗೆ ಗ್ರಾಹಕರು ಕೇಳುವ ಪ್ರಶ್ನೆಗಳೂ, ಇದೇ ಕೆಲಸಕ್ಕೆ ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳೂ ಬಹುಮಟ್ಟಿಗೆ ಎರಡೇ ವಿಷಯಗಳನ್ನು ಸುತ್ತುತ್ತವೆ: ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಮತ್ತು ನನ್ನ ಫೋನಿಗೆ ಇದು ಸರಿಹೊಂದುತ್ತದೆಯೇ. ಉತ್ತರಗಳನ್ನು ಒಂದೇ ಜೋಡಿಯ ಉದಾಹರಣೆಯ ಮೇಲೆ ಕಟ್ಟಿದ್ದೇನೆ. ಅದು ಕಳೆದ ಡಿಸೆಂಬರ್‌ನಲ್ಲಿ ಎಸ್.ಪಿ. ರಸ್ತೆಯಿಂದ ತಂದು ಮೂರು ವಾರ ಪರೀಕ್ಷಿಸಿದ ಒಂದು ಮಧ್ಯಮ ಬೆಲೆಯ ಜೋಡಿ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇಲ್ಲಿ ಹೇಳುವ ಲೆಕ್ಕ ಬಹುಪಾಲು ಜೋಡಿಗಳಿಗೆ ಹೊಂದುತ್ತದೆ.

ಪೆಟ್ಟಿಗೆಯ ಮೇಲೆ ‘40 ಗಂಟೆ’ ಎಂದು ದೊಡ್ಡದಾಗಿ ಅಚ್ಚಾಗಿದೆ. ಕಿವಿಗೆ ಹಾಕಿಕೊಂಡರೆ 40 ಗಂಟೆ ಹಾಡುತ್ತದೆಯೇ?

ಇಲ್ಲ. ಆ 40 ಗಂಟೆ ಇಯರ್‌ಬಡ್ ಮತ್ತು ಅದರ ಚಾರ್ಜಿಂಗ್ ಕೇಸ್ ಎರಡೂ ಸೇರಿದ ಒಟ್ಟು ಲೆಕ್ಕ. ನಾವು ತಂದ ಜೋಡಿಯ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರೆ, ಹಿಂಬದಿಯ ಸಣ್ಣಕ್ಷರದಲ್ಲಿ ‘ಒಂದು ಚಾರ್ಜಿಗೆ 8 ಗಂಟೆಯವರೆಗೆ’ ಎಂದಿತ್ತು. ಅಂದರೆ ಮೊದಲ ಚಾರ್ಜಿನಲ್ಲಿ 8 ಗಂಟೆ, ಆಮೇಲೆ ಕೇಸಿನಲ್ಲಿಟ್ಟು ನಾಲ್ಕು ಬಾರಿ ತುಂಬಿಕೊಂಡರೆ ಪ್ರತಿ ಬಾರಿಯೂ 8 ಗಂಟೆ, ಎಲ್ಲ ಕೂಡಿ 40. ಪ್ರಯಾಣದಲ್ಲಿ ಅಥವಾ ಕಚೇರಿಯಲ್ಲಿ ನಿರಂತರವಾಗಿ ಬಳಸುವವರಿಗೆ ಮುಖ್ಯವಾದದ್ದು ಮುಂಭಾಗದ 40 ಅಲ್ಲ, ಹಿಂಭಾಗದ 8. ಆದ್ದರಿಂದ ವಿವರಣೆಯಲ್ಲಿ ಒಂದು ಚಾರ್ಜಿನ ಸಮಯವನ್ನು ಮೊದಲು ಬರೆಯಬೇಕು, ಒಟ್ಟು ಸಮಯವನ್ನು ಅದರ ನಂತರ, ‘ಕೇಸಿನ ಸಹಿತ’ ಎಂಬ ಮಾತಿನೊಂದಿಗೆ ಬರೆಯಬೇಕು.

ಇದರಲ್ಲಿ ಗಮನಿಸಬೇಕಾದ ಇನ್ನೊಂದು ಸಣ್ಣ ಪದವಿದೆ. ಕಂಪನಿ ಬರೆದದ್ದು ‘8 ಗಂಟೆಯವರೆಗೆ’. ಕನ್ನಡದಲ್ಲಿ ವಿವರಣೆ ಬರೆಯುವ ಅವಸರದಲ್ಲಿ ‘ವರೆಗೆ’ ಎಂಬುದು ಬಿದ್ದುಹೋಗಿ ‘8 ಗಂಟೆ ಬರುತ್ತದೆ’ ಎಂದಾಗುತ್ತದೆ. ಗರಿಷ್ಠ ಮಿತಿಯಾಗಿದ್ದದ್ದು ಆ ಕ್ಷಣದಲ್ಲಿ ನಮ್ಮ ಭರವಸೆಯಾಗಿಬಿಡುತ್ತದೆ. ನಮ್ಮ ಅಂಗಡಿಗೆ ಬಂದ ದೂರುಗಳಲ್ಲಿ ಹಲವು ಕಂಪನಿಯ ಸುಳ್ಳಿನಿಂದ ಹುಟ್ಟಿದವಲ್ಲ, ನಾನೇ ಬಿಟ್ಟ ಈ ಒಂದು ಪದದಿಂದ ಹುಟ್ಟಿದವು.

ಕೇಸಿನ ಬ್ಯಾಟರಿ 480 ಎಂಎಎಚ್, ಒಂದೊಂದು ಬಡ್‌ನದು 45 ಎಂಎಎಚ್. ಭಾಗಿಸಿದರೆ ಐದು ಬಾರಿಗಿಂತ ಹೆಚ್ಚು ತುಂಬಬೇಕಲ್ಲವೇ?

ಕಾಗದದ ಮೇಲೆ ಹಾಗೆಯೇ ಕಾಣುತ್ತದೆ. ಎರಡು ಬಡ್‌ಗಳಿಗೆ 90 ಎಂಎಎಚ್ ಬೇಕು, 480ನ್ನು 90ರಿಂದ ಭಾಗಿಸಿದರೆ 5.3 ಬರುತ್ತದೆ. ಆದರೆ ಕೇಸಿನೊಳಗಿನ ಕೋಶದ ವೋಲ್ಟೇಜ್ ಸುಮಾರು 3.7, ಬಡ್‌ನೊಳಗಿನ ಕೋಶದ್ದೂ ಅಷ್ಟೇ. ಒಂದೇ ಮಟ್ಟದ ಕೋಶದಿಂದ ಇನ್ನೊಂದನ್ನು ಪೂರ್ತಿ ತುಂಬಲು ಆಗುವುದಿಲ್ಲವಾದ್ದರಿಂದ ಕೇಸು ಮೊದಲು ವೋಲ್ಟೇಜನ್ನು ಸಾಮಾನ್ಯವಾಗಿ 5ರ ಆಸುಪಾಸಿಗೆ ಏರಿಸುತ್ತದೆ, ಬಡ್‌ನೊಳಗಿನ ಚಾರ್ಜಿಂಗ್ ಚಿಪ್ ಅದನ್ನು ಮತ್ತೆ ಇಳಿಸಿಕೊಳ್ಳುತ್ತದೆ. ಏರಿಸುವಾಗ ಒಂದಿಷ್ಟು, ಇಳಿಸುವಾಗ ಇನ್ನಷ್ಟು ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ಚಾರ್ಜಿಗೆ ಇಟ್ಟ ಅರ್ಧ ಗಂಟೆಯ ಮೇಲೆ ಕೇಸಿನ ಮುಚ್ಚಳ ತೆರೆದು ಬಡ್‌ನ್ನು ಮುಟ್ಟಿದರೆ ತಿಳಿಯುವ ಬೆಚ್ಚನೆಯ ಭಾಗ ಇದೇ. ಇದರ ಜೊತೆಗೆ ಕೇಸಿನ ದೀಪ, ಅದರ ಸ್ವಂತ ಚಿಪ್, ಕೋಶವನ್ನು ಪೂರ್ತಿ ಬರಿದಾಗಲು ಬಿಡದ ರಕ್ಷಣಾ ವ್ಯವಸ್ಥೆ ಇವೂ ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ. ಹೀಗಾಗಿ ಕಂಪನಿಯೇ ಐದರ ಬದಲು ನಾಲ್ಕು ಎಂದು ಹೇಳಿಕೊಂಡಿರುವುದು ಪ್ರಾಮಾಣಿಕತೆಯ ಕಡೆಗೆ ವಾಲಿದ ಲೆಕ್ಕವೆಂದೇ ನಾನು ತಿಳಿಯುತ್ತೇನೆ. ವಿವರಣೆ ಬರೆಯುವವರು ಎಂಎಎಚ್ ಅಂಕಿಗಳನ್ನು ತಾವೇ ಭಾಗಿಸಿ ‘ಐದು ಬಾರಿ ಚಾರ್ಜ್ ಆಗುತ್ತದೆ’ ಎಂದು ಸೇರಿಸುವುದು ಮಾತ್ರ ತಪ್ಪು. ಅದು ಕಂಪನಿ ಹೇಳಿದ್ದೂ ಅಲ್ಲ, ಯಾರೂ ಅಳೆದದ್ದೂ ಅಲ್ಲ.

ಕಂಪನಿಯ ಅಂಕಿ ಸುಳ್ಳೇ ಹಾಗಾದರೆ?

ಸುಳ್ಳೆಂದು ಹೇಳುವುದಕ್ಕೆ ಮೊದಲು ಅದರ ಷರತ್ತುಗಳನ್ನು ಓದಬೇಕು. ನಮ್ಮ ಜೋಡಿಯ ಕಂಪನಿ ತನ್ನ ಜಾಲತಾಣದ ಪುಟದ ತೀರ ಕೆಳಗೆ, ನಕ್ಷತ್ರ ಗುರುತಿನ ಮುಂದೆ, ಮೂರು ಷರತ್ತುಗಳನ್ನು ಬರೆದಿತ್ತು: ವಾಲ್ಯೂಮ್ ಶೇಕಡ 50, ನಾಯ್ಸ್ ಕ್ಯಾನ್ಸಲಿಂಗ್ ಆಫ್, ಧ್ವನಿಯ ಕೋಡೆಕ್, ಅಂದರೆ ಹಾಡನ್ನು ಫೋನಿನಿಂದ ಬಡ್‌ಗೆ ಕಳುಹಿಸುವ ಕ್ರಮ, ಎಎಸಿ. ಈ ಮೂರೂ ಕೂಡಿದಾಗ ಬರುವ ಸಮಯವೇ 8 ಗಂಟೆ. ಸಮಸ್ಯೆ ಏನೆಂದರೆ ಇದೇ ಪುಟದ ಮೇಲ್ಭಾಗದಲ್ಲಿ ನಾಯ್ಸ್ ಕ್ಯಾನ್ಸಲಿಂಗ್‌ನ ಚಿತ್ರವೂ, ಉನ್ನತ ಗುಣಮಟ್ಟದ ಎಲ್‌ಡ್ಯಾಕ್ ಕೋಡೆಕ್‌ನ ಗುರುತೂ 40 ಗಂಟೆಯ ಪಕ್ಕದಲ್ಲೇ ಕುಳಿತಿವೆ. ಓದುವವರಿಗೆ ಈ ಮೂರೂ ಒಟ್ಟಿಗೆ ಸಿಗುತ್ತವೆ ಎಂದು ತೋರುತ್ತದೆ, ಆದರೆ ಒಂದನ್ನು ಬಳಸಿದರೆ ಇನ್ನೊಂದು ಕಡಿಮೆಯಾಗುತ್ತದೆ.

ನಾಯ್ಸ್ ಕ್ಯಾನ್ಸಲಿಂಗ್ ಆನ್ ಇದ್ದಾಗ ಬಡ್‌ನ ಮೈಕುಗಳು ಹೊರಗಿನ ಸದ್ದನ್ನು ಎಡೆಬಿಡದೆ ಕೇಳಿಸಿಕೊಳ್ಳುತ್ತವೆ, ಚಿಪ್ ಅದಕ್ಕೆ ವಿರುದ್ಧವಾದ ಅಲೆಯನ್ನು ಲೆಕ್ಕಹಾಕಿ ಸ್ಪೀಕರ್‌ಗೆ ಕಳುಹಿಸುತ್ತಲೇ ಇರುತ್ತದೆ. ಹಾಡು ನಿಂತಿದ್ದರೂ ಈ ಕೆಲಸ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಈ ಸೌಲಭ್ಯವನ್ನು ಆಫ್ ಮಾಡಿಟ್ಟುಕೊಂಡು ಇಯರ್‌ಬಡ್ ಬಳಸುವವರು ನನಗಂತೂ ಅಪರೂಪ. ವಿಜಯನಗರದಲ್ಲಿ ಮೆಟ್ರೋ ಹತ್ತಿ ವೈಟ್‌ಫೀಲ್ಡ್‌ಗೆ ಹೋಗುವವರು ಒಂದು ಗಂಟೆಯ ಹತ್ತಿರ ಅದನ್ನು ಆನ್ ಮಾಡಿಯೇ ಕೂತಿರುತ್ತಾರೆ, ಮೆಜೆಸ್ಟಿಕ್ ಬಳಿಯ ಸುರಂಗದಲ್ಲಿ ವಾಲ್ಯೂಮನ್ನೂ ಎರಡು ಮೆಟ್ಟಿಲು ಏರಿಸುತ್ತಾರೆ. ಅಂಥವರಿಗೆ ಕಂಪನಿಯ 8 ಗಂಟೆ ಸುಳ್ಳಲ್ಲ, ಆದರೆ ಅವರದಲ್ಲ.

‘ಶೇಕಡ 50’ ಎಂಬುದೂ ಅಂದುಕೊಂಡಷ್ಟು ಖಚಿತವಲ್ಲ. ನಾನು ಪರೀಕ್ಷೆಗೆ ಬಳಸುವ ಫೋನಿನಲ್ಲಿ ವಾಲ್ಯೂಮ್‌ಗೆ 15 ಮೆಟ್ಟಿಲುಗಳಿವೆ. ಅದರಲ್ಲಿ ಸರಿಯಾದ ಅರ್ಧವೆಂಬುದೇ ಇಲ್ಲ, 7 ಅಥವಾ 8 ಮಾತ್ರ ಇದೆ. ಒಂದು ಜೋಡಿಯ 8ನೇ ಮೆಟ್ಟಿಲು ಇನ್ನೊಂದು ಜೋಡಿಯ 6ನೇ ಮೆಟ್ಟಿಲಿನಷ್ಟೇ ಜೋರಾಗಿರಬಹುದು. ಆದ್ದರಿಂದ ಎರಡು ಕಂಪನಿಗಳ ‘ಶೇಕಡ 50’ರ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ನ್ಯಾಯವಾದ ಹೋಲಿಕೆಯಲ್ಲ.

ನೀವು ಬ್ಯಾಟರಿಯನ್ನು ಹೇಗೆ ಪರೀಕ್ಷಿಸುತ್ತೀರಿ? ಪ್ರಯೋಗಾಲಯ ಬೇಕೇ?

ಬೇಕಿಲ್ಲ, ಆದರೆ ತಾಳ್ಮೆ ಬೇಕು, ಜೊತೆಗೆ ಒಂದು ಹಳೆಯ ಫೋನ್ ಬೇಕು. ಕಷ್ಟ ಇರುವುದು ಇಯರ್‌ಬಡ್ ಯಾವ ಕ್ಷಣದಲ್ಲಿ ನಿಂತಿತು ಎಂಬುದನ್ನು ಹಿಡಿಯುವುದರಲ್ಲಿ. ಎಂಟು ಗಂಟೆ ಕಿವಿಗೊಟ್ಟು ಕೂರಲು ಯಾರಿಂದಲೂ ಆಗದು, ನಿದ್ದೆ ಹೋದರೆ ಆ ಕ್ಷಣ ತಪ್ಪಿಹೋಗುತ್ತದೆ. ನಾನು ಮಾಡುವ ವಿಧಾನ ಹೀಗಿದೆ.

ರಾತ್ರಿ ಮಲಗುವ ಮುನ್ನ ಅಡುಗೆಮನೆಯಿಂದ ಎರಡು ಸ್ಟೀಲ್ ಲೋಟಗಳನ್ನು ತಂದು, ತಳಕ್ಕೆ ಕರವಸ್ತ್ರ ಹಾಸಿ, ಒಂದರಲ್ಲಿ ಎಡ ಬಡ್‌ನ್ನೂ ಇನ್ನೊಂದರಲ್ಲಿ ಬಲ ಬಡ್‌ನ್ನೂ ಇಡುತ್ತೇನೆ. ಲೋಟ ಸದ್ದನ್ನು ಸ್ವಲ್ಪ ಹಿಗ್ಗಿಸಿ ಮೇಲಕ್ಕೆ ಬಿಡುತ್ತದೆ. ಎರಡರ ನಡುವೆ ಹಳೆಯ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟು, ಚಾರ್ಜರ್‌ಗೆ ಸಿಕ್ಕಿಸಿ, ಧ್ವನಿ ರೆಕಾರ್ಡರ್ ಚಾಲೂ ಮಾಡುತ್ತೇನೆ. ಹಾಡನ್ನು ನುಡಿಸುವ ಫೋನ್ ಬೇರೆಯದು. ಅದರಲ್ಲಿ ಇಂಟರ್ನೆಟ್‌ನಿಂದ ಬರುವ ಹಾಡನ್ನು ಹಾಕದೆ, ಫೋನಿನಲ್ಲೇ ಉಳಿಸಿಕೊಂಡ ಒಂದೇ ಕಡತವನ್ನು ಮತ್ತೆ ಮತ್ತೆ ನುಡಿಯಲು ಬಿಡುತ್ತೇನೆ, ಏಕೆಂದರೆ ನಡುರಾತ್ರಿ ವೈಫೈ ಹೋದರೆ ಹಾಡು ನಿಂತು ಪರೀಕ್ಷೆಯೇ ಕೆಡುತ್ತದೆ. ಆ ಕಡತದ ಎಡ ಪಾಲಿನಲ್ಲಿ ಗಂಡು ದನಿಯ ಓದು, ಬಲ ಪಾಲಿನಲ್ಲಿ ವೀಣೆಯ ಸದ್ದು ಇರುವಂತೆ ಮಾಡಿಕೊಂಡಿದ್ದೇನೆ. ಬೆಳಿಗ್ಗೆ ರೆಕಾರ್ಡಿಂಗ್ ತೆರೆದರೆ ಓದು ಯಾವಾಗ ನಿಂತಿತು, ವೀಣೆ ಯಾವಾಗ ನಿಂತಿತು ಎಂದು ನಿಮಿಷದ ಲೆಕ್ಕದಲ್ಲಿ ಸಿಗುತ್ತದೆ.

ಮೊದಲ ರಾತ್ರಿ ಎಲ್ಲರಿಗೂ ಆಗುವ ಎಡವಟ್ಟು ನನಗೂ ಆಯಿತು: ಕಿವಿಯಿಂದ ತೆಗೆದ ಕೂಡಲೇ ಹಾಡು ನಿಂತಿತು. ಬಹಳಷ್ಟು ಬಡ್‌ಗಳಲ್ಲಿ ಕಿವಿಯೊಳಗೆ ಇದೆಯೇ ಇಲ್ಲವೇ ಎಂದು ತಿಳಿಯುವ ಸಂವೇದಕವಿರುತ್ತದೆ. ಅದನ್ನು ಕಂಪನಿಯ ಆ್ಯಪ್‌ನಲ್ಲಿ ಆಫ್ ಮಾಡಬೇಕು. ಆ ಆಯ್ಕೆ ಇಲ್ಲದಿದ್ದರೆ ಒಳಬದಿಯ ಕಪ್ಪು ಚುಕ್ಕೆಯ ಮೇಲೆ ಸಣ್ಣ ಟೇಪಿನ ತುಂಡು ಅಂಟಿಸಿದರೆ ಅನೇಕ ಮಾದರಿಗಳಲ್ಲಿ ಕೆಲಸವಾಗುತ್ತದೆ. ಪರೀಕ್ಷೆಗೆ ಮುನ್ನ ಬಡ್ ಮತ್ತು ಕೇಸು ಎರಡನ್ನೂ ಪೂರ್ತಿ ತುಂಬಿಸಿ, ತುಂಬಿದ ಮೇಲೆಯೂ ಅರ್ಧ ಗಂಟೆ ಹಾಗೆಯೇ ಬಿಡುತ್ತೇನೆ. ಕೋಣೆಯ ಉಷ್ಣತೆಯನ್ನು ಬರೆದುಕೊಳ್ಳುತ್ತೇನೆ. ನಮ್ಮ ಊರಿನ ಹವೆ ಇದಕ್ಕೆ ಅನುಕೂಲಕರ, ಡಿಸೆಂಬರ್ ರಾತ್ರಿಯಲ್ಲೂ ಮನೆಯೊಳಗೆ ಬ್ಯಾಟರಿಯನ್ನು ಕುಗ್ಗಿಸುವಷ್ಟು ಚಳಿ ಇರುವುದಿಲ್ಲ. ಆದರೂ ನಮ್ಮ ಅಂಕಿಯ ಪಕ್ಕದಲ್ಲಿ ಅದು ಇರಬೇಕು.

ಆ ಜೋಡಿಯಲ್ಲಿ ಏನು ಬಂತು?

ಕಂಪನಿಯ ಷರತ್ತುಗಳಿಗೆ ಆದಷ್ಟು ಹತ್ತಿರವಾಗಿ, ಅಂದರೆ 8ನೇ ಮೆಟ್ಟಿಲು, ನಾಯ್ಸ್ ಕ್ಯಾನ್ಸಲಿಂಗ್ ಆಫ್, ಎಎಸಿ, ಕೋಣೆಯಲ್ಲಿ 24 ಡಿಗ್ರಿ ಇದ್ದಾಗ, ಎಡ ಬಡ್ 7 ಗಂಟೆ 20 ನಿಮಿಷಕ್ಕೆ ನಿಂತಿತು, ಬಲ ಬಡ್ 7 ಗಂಟೆ 45 ನಿಮಿಷಕ್ಕೆ ನಿಂತಿತು. ನಾವು ಬರೆಯುವುದು ಮೊದಲು ನಿಂತದ್ದರ ಸಮಯವನ್ನು. ಒಂದು ಕಿವಿ ಮೌನವಾದ ಮೇಲೆ ಜೋಡಿಯಾಗಿ ಅದರ ಕೆಲಸ ಮುಗಿದಂತೆಯೇ. ಎರಡರ ಸರಾಸರಿ ತೆಗೆಯುವುದು ಅಥವಾ ಹೆಚ್ಚು ಬಂದದ್ದನ್ನು ಬರೆಯುವುದು ಕಂಪನಿಯ ಅಂಕಿಗೆ ಹತ್ತಿರವಾಗಿ ಕಾಣುವ ಆಸೆಯಿಂದ ಆಗುವ ತಪ್ಪು.

ಹಾಗೆ ನಿಂತ ಬಡ್‌ಗಳನ್ನು ಕೇಸಿನಲ್ಲಿಟ್ಟು ಎರಡು ಗಂಟೆ ಬಿಟ್ಟು ಮತ್ತೆ ನುಡಿಸಿದೆ. ಕೇಸನ್ನು ಮಾತ್ರ ಮತ್ತೆ ಚಾರ್ಜಿಗೆ ಹಾಕಲಿಲ್ಲ. ಎರಡನೆಯ ಸುತ್ತಿನಲ್ಲಿ 7 ಗಂಟೆ 25 ನಿಮಿಷ, ಮೂರನೆಯದರಲ್ಲಿ 7 ಗಂಟೆ 15 ನಿಮಿಷ, ನಾಲ್ಕನೆಯದರಲ್ಲಿ 7 ಗಂಟೆ 20 ನಿಮಿಷ ಬಂತು. ಐದನೆಯ ಬಾರಿ ಕೇಸಿನ ದೀಪ ನಡುವೆಯೇ ಆರಿತು. ತುಂಬಿದಷ್ಟರಲ್ಲಿ 3 ಗಂಟೆ 40 ನಿಮಿಷ ನುಡಿಯಿತು. ಎಲ್ಲವನ್ನೂ ಕೂಡಿದರೆ 33 ಗಂಟೆ. ಕಂಪನಿ ಹೇಳಿದ 40ಕ್ಕೂ ಇದಕ್ಕೂ ಇರುವ 7 ಗಂಟೆಯ ಅಂತರ ಹುಟ್ಟಿದ್ದು ಎರಡು ಕಡೆಯಿಂದ: ಪ್ರತಿ ಸುತ್ತಿನಲ್ಲಿ ಸುಮಾರು 40 ನಿಮಿಷ ಕಡಿಮೆ ಬಂತು, ಮತ್ತು ಕೇಸು ನಾಲ್ಕು ಬಾರಿ ತುಂಬುವ ಬದಲು ಮೂರೂವರೆ ಬಾರಿ ತುಂಬಿತು. ಸಣ್ಣದೆಂದು ಕಾಣುವ ಎರಡು ಕೊರತೆಗಳು ಒಂದನ್ನೊಂದು ಗುಣಿಸಿಕೊಂಡು ಬೆಳೆಯುತ್ತವೆ.

ನಾಯ್ಸ್ ಕ್ಯಾನ್ಸಲಿಂಗ್ ಆನ್ ಮಾಡಿ ಉಳಿದದ್ದನ್ನು ಬದಲಿಸದೆ ನೋಡಿದಾಗ ಒಂದು ಚಾರ್ಜಿಗೆ 5 ಗಂಟೆ 10 ನಿಮಿಷ ಬಂತು. ಅದರ ಮೇಲೆ ಎಲ್‌ಡ್ಯಾಕ್ ಕೋಡೆಕ್ ಆರಿಸಿದಾಗ 4 ಗಂಟೆ 5 ನಿಮಿಷಕ್ಕೆ ಇಳಿಯಿತು. ಒಂದೇ ಜೋಡಿ, ಒಂದೇ ಮನೆ, ಒಂದೇ ವಾಲ್ಯೂಮ್. ಆದರೂ ಪೆಟ್ಟಿಗೆಯ 8 ಗಂಟೆ ಅರ್ಧಕ್ಕೆ ಬಂತು. ಪ್ರತಿ ಪರೀಕ್ಷೆಯನ್ನೂ ಎರಡು ಬಾರಿಯಾದರೂ ಮಾಡುತ್ತೇನೆ. ಎರಡರ ನಡುವೆ ಹತ್ತು ನಿಮಿಷಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯ ಬಾರಿ ಮಾಡುತ್ತೇನೆ. ಇಷ್ಟಾದರೂ ನಾನು ಪರೀಕ್ಷಿಸಿದ್ದು ಒಂದೇ ಜೋಡಿಯನ್ನು. ಅದೇ ಮಾದರಿಯ ಇನ್ನೊಂದು ಪೆಟ್ಟಿಗೆಯಲ್ಲಿ ಸ್ವಲ್ಪ ಹೆಚ್ಚೋ ಕಡಿಮೆಯೋ ಬರಬಹುದಾದ್ದರಿಂದ ‘ಒಂದು ಜೋಡಿಯ ಮೇಲೆ ಅಳೆದದ್ದು’ ಎಂಬ ಮಾತನ್ನು ವಿವರಣೆಯಿಂದ ಎಂದೂ ಬಿಡುವುದಿಲ್ಲ.

ಫೋನಿನ ಪರದೆಯ ಮೇಲೆ ‘70%’ ಎಂದು ತೋರಿಸುತ್ತದೆ. ಒಂದು ಗಂಟೆ ಕೇಳಿ, ಎಷ್ಟು ಇಳಿಯಿತೆಂದು ನೋಡಿ ಲೆಕ್ಕ ಹಾಕಬಹುದಲ್ಲ?

ಅದು ಅಂದಾಜಿಗೆ ಸರಿ, ಅಳತೆಗೆ ಸಾಲದು. ಅನೇಕ ಇಯರ್‌ಬಡ್‌ಗಳು ತಮ್ಮ ಬ್ಯಾಟರಿ ಮಟ್ಟವನ್ನು ಫೋನಿಗೆ ಹತ್ತು ಹತ್ತರ ಮೆಟ್ಟಿಲಲ್ಲಿ ಮಾತ್ರ ತಿಳಿಸುತ್ತವೆ. ಪರದೆಯ ಮೇಲೆ 70 ಎಂದಿದ್ದರೆ ನಿಜದಲ್ಲಿ 79 ಇರಬಹುದು, 70ಕ್ಕೆ ಹತ್ತಿರವೂ ಇರಬಹುದು. ಒಂದು ಗಂಟೆಯ ಇಳಿತವನ್ನು ನೋಡಿ ಗುಣಿಸಿದರೆ ಈ ತಪ್ಪೂ ಅಷ್ಟೇ ಪಟ್ಟು ಬೆಳೆಯುತ್ತದೆ. ಪೂರ್ತಿ ತುಂಬಿದಲ್ಲಿಂದ ಪೂರ್ತಿ ನಿಲ್ಲುವವರೆಗೆ ನುಡಿಸಿದ ಅಂಕಿಯನ್ನು ಮಾತ್ರ ‘ಅಳೆದದ್ದು’ ಎಂದು ಕರೆಯಬೇಕು.

‘10 ನಿಮಿಷ ಚಾರ್ಜಿಗೆ 2 ಗಂಟೆ’ ಎಂಬ ಮಾತು ನಿಜವೇ?

ನಮ್ಮ ಜೋಡಿಯಲ್ಲಿ 1 ಗಂಟೆ 35 ನಿಮಿಷ ಬಂತು. ಇಲ್ಲಿ ಮರೆಯಬಾರದ ಷರತ್ತೆಂದರೆ ಬಡ್ ಪೂರ್ತಿ ಬರಿದಾಗಿರಬೇಕು. ಲಿಥಿಯಂ ಕೋಶ ಬರಿದಾಗಿದ್ದಾಗ ವೇಗವಾಗಿ ಹೀರಿಕೊಳ್ಳುತ್ತದೆ, ತುಂಬುತ್ತ ಬಂದ ಹಾಗೆ ನಿಧಾನವಾಗುತ್ತದೆ. ಶೇಕಡ 80 ಇದ್ದ ಬಡ್‌ನ್ನು 10 ನಿಮಿಷ ಕೇಸಿನಲ್ಲಿಟ್ಟು ಇನ್ನೆರಡು ಗಂಟೆ ಸೇರಿತೆಂದು ತಿಳಿದರೆ ಮೋಸಹೋಗುತ್ತೇವೆ.

‘ಎಲ್ಲ ಫೋನ್‌ಗಳಿಗೂ ಹೊಂದುತ್ತದೆ’ ಎಂದು ಬರೆಯಬಹುದೇ?

ಈ ಒಂದು ವಾಕ್ಯವನ್ನು ನಾನು ಬಳಸುವುದನ್ನೇ ಬಿಟ್ಟಿದ್ದೇನೆ. ಬ್ಲೂಟೂತ್ ಇರುವ ಫೋನಿಗೆ ಜೋಡಿಸಿದರೆ ಹಾಡು ಕೇಳುತ್ತದೆ ಎಂಬ ಅರ್ಥದಲ್ಲಿ ಅದು ಬಹುಮಟ್ಟಿಗೆ ನಿಜ, ಏಕೆಂದರೆ ಎಸ್‌ಬಿಸಿ ಎಂಬ ಮೂಲ ಕೋಡೆಕ್ ಬ್ಲೂಟೂತ್‌ನಲ್ಲಿ ಸಂಗೀತ ನುಡಿಸುವ ಎಲ್ಲ ಸಾಧನಗಳಲ್ಲೂ ಇರಲೇಬೇಕು. ಆದರೆ ಗ್ರಾಹಕ ಹಣ ಕೊಡುವುದು ಬರಿಯ ಹಾಡಿಗಲ್ಲ, ಪೆಟ್ಟಿಗೆಯ ಮೇಲೆ ಬರೆದ ಪ್ರತಿಯೊಂದು ಸೌಲಭ್ಯಕ್ಕೆ. ಅವು ಫೋನಿನಿಂದ ಫೋನಿಗೆ ಬೇರೆಯಾಗುತ್ತವೆ.

ಕೋಡೆಕ್ ಎಂದರೆ ಹಾಡನ್ನು ಗಾಳಿಯಲ್ಲಿ ಕಳುಹಿಸಲು ಕಟ್ಟಿ, ಆ ಕಡೆ ಬಿಚ್ಚುವ ಕ್ರಮ. ಕಟ್ಟುವ ಫೋನಿಗೂ ಬಿಚ್ಚುವ ಬಡ್‌ಗೂ ಒಂದೇ ಕ್ರಮ ಗೊತ್ತಿರಬೇಕು, ಇಲ್ಲದಿದ್ದರೆ ಇಬ್ಬರಿಗೂ ತಿಳಿದಿರುವ ಕೆಳಗಿನ ಕ್ರಮಕ್ಕೆ ಇಳಿಯುತ್ತಾರೆ. ಸೋನಿ ರೂಪಿಸಿದ ಎಲ್‌ಡ್ಯಾಕ್ ಆಂಡ್ರಾಯ್ಡ್ 8ರಿಂದ, ಅಂದರೆ 2017ರಿಂದ, ಆಂಡ್ರಾಯ್ಡ್‌ನ ಮೂಲ ತಂತ್ರಾಂಶದಲ್ಲಿದೆ. ಐಫೋನ್‌ನಲ್ಲಿ ಅದಿಲ್ಲ, ಎಎಸಿ ಇದೆ. ಆದ್ದರಿಂದ ಎಲ್‌ಡ್ಯಾಕ್‌ಗಾಗಿ ಹೆಚ್ಚು ಹಣ ಕೊಟ್ಟು ಐಫೋನಿಗೆ ಜೋಡಿಸುವವರು ಎಎಸಿಯಲ್ಲೇ ಕೇಳುತ್ತಾರೆ. ಬಡ್ ಕೆಟ್ಟದ್ದಲ್ಲ, ಫೋನೂ ಕೆಟ್ಟದ್ದಲ್ಲ, ವಿವರಣೆಯಲ್ಲಿ ಒಂದು ಸಾಲು ಇಲ್ಲದಿರುವುದೇ ದೋಷ.

ಆಂಡ್ರಾಯ್ಡ್ ಫೋನಿನಲ್ಲಿ ನಿಜವಾಗಿ ಯಾವ ಕೋಡೆಕ್ ನಡೆಯುತ್ತಿದೆ ಎಂದು ನೋಡುವುದು ಸುಲಭ. ಸೆಟ್ಟಿಂಗ್ಸ್‌ನಲ್ಲಿ Build number ಎಂಬುದನ್ನು ಏಳು ಬಾರಿ ಒತ್ತಿದರೆ Developer options ತೆರೆದುಕೊಳ್ಳುತ್ತದೆ. ಅದರಲ್ಲಿ Bluetooth Audio Codec ಎಂಬ ಸಾಲನ್ನು ಹಾಡು ನುಡಿಯುತ್ತಿರುವಾಗ ತೆರೆದು ನೋಡಬೇಕು. ನಮ್ಮ ಜೋಡಿಯನ್ನು ಮೊದಲು ಜೋಡಿಸಿದಾಗ ಅಲ್ಲಿ ಎಎಸಿ ಎಂದೇ ಇತ್ತು. ಕಂಪನಿಯ ಆ್ಯಪ್‌ನಲ್ಲಿ ಎಲ್‌ಡ್ಯಾಕ್ ಆನ್ ಮಾಡಿದ ಮೇಲೆ ಬದಲಾಯಿತು, ಆದರೆ ಆ್ಯಪ್ ಅದೇ ಕ್ಷಣ ಇನ್ನೊಂದು ಸೂಚನೆ ಕೊಟ್ಟಿತು: ಎರಡು ಸಾಧನಗಳಿಗೆ ಏಕಕಾಲಕ್ಕೆ ಜೋಡಿಸುವ ಸೌಲಭ್ಯ ಆಫ್ ಆಗುತ್ತದೆ. ಫೋನ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಜೋಡಿಸಿಟ್ಟುಕೊಳ್ಳುವವರಿಗೆ ಇದು ತಿಳಿದಿರಲೇಬೇಕಾದ ಮಾತು. ಪೆಟ್ಟಿಗೆಯ ಮೇಲೆ ಎರಡೂ ಸೌಲಭ್ಯಗಳ ಗುರುತು ಅಕ್ಕಪಕ್ಕ ಇದೆ, ಒಂದು ಇದ್ದರೆ ಇನ್ನೊಂದಿಲ್ಲ ಎಂಬುದು ಎಲ್ಲಿಯೂ ಇಲ್ಲ. ಪರೀಕ್ಷಿಸದೆ ಇದು ತಿಳಿಯುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಎಲ್‌ಡ್ಯಾಕ್ ತನ್ನ ಅತ್ಯುನ್ನತ ಮಟ್ಟದಲ್ಲಿ ಸೆಕೆಂಡಿಗೆ 990 ಕಿಲೋಬಿಟ್ ಕಳುಹಿಸುತ್ತದೆ. ಮನೆಯಲ್ಲಿ ಅದು ತಡೆಯಿಲ್ಲದೆ ನಡೆಯಿತು. ಸಂಜೆ ಆರೂವರೆಗೆ ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದ ಮಾರ್ಗ ಬದಲಿಸುವ ಮೆಟ್ಟಿಲ ಬಳಿ, ಸುತ್ತ ನೂರಾರು ಜನರ ಕಿವಿಯಲ್ಲೂ ಜೇಬಿನಲ್ಲೂ ಇದೇ ತರಂಗಾಂತರದ ಸಾಧನಗಳಿದ್ದಾಗ, ಹಾಡು ಹರಿದು ಹರಿದು ಬಂತು. ಅದೇ ಜಾಗದಲ್ಲಿ ಎಎಸಿಗೆ ಬದಲಿಸಿದಾಗ ಸರಿಯಾಯಿತು. ‘ಎಲ್‌ಡ್ಯಾಕ್ ಇದೆ’ ಎಂಬುದು ಕಂಪನಿಯ ಮಾತಾದರೂ ಸತ್ಯ, ‘ಎಲ್ಲಿ ನಡೆಯಿತು’ ಎಂಬುದು ಮಾತ್ರ ನಮ್ಮ ಮಾತಾಗಬೇಕು.

ಬ್ಲೂಟೂತ್ 5.3 ಎಂದರೆ 5.0ಕ್ಕಿಂತ ಧ್ವನಿ ಚೆನ್ನಾಗಿರುತ್ತದೆಯೇ?

ಆ ಸಂಖ್ಯೆಯಿಂದ ಧ್ವನಿಯ ಗುಣಮಟ್ಟ ತಿಳಿಯುವುದಿಲ್ಲ. ಹೊಸ ಆವೃತ್ತಿಯ ಹಲವು ಸೌಲಭ್ಯಗಳು ಐಚ್ಛಿಕ, ಕಂಪನಿ ಅವನ್ನು ಅಳವಡಿಸಿದರೂ ಬಿಟ್ಟರೂ 5.3 ಎಂದು ಬರೆಯಬಹುದು. ಎಲ್‌ಇ ಆಡಿಯೊ ಎಂಬ ಹೊಸ ಧ್ವನಿ ವ್ಯವಸ್ಥೆಗೆ 2020ರ ಜನವರಿಯಲ್ಲಿ ಪ್ರಕಟವಾದ 5.2ರಲ್ಲಿ ಅಡಿಪಾಯ ಬಿತ್ತು, ಆಂಡ್ರಾಯ್ಡ್ 13ರಿಂದ ಅದಕ್ಕೆ ಬೆಂಬಲ ಬಂತು. ಆದರೂ 5.3 ಎಂದು ಬರೆದಿರುವ ಎಷ್ಟೋ ಬಡ್‌ಗಳಲ್ಲಿ ಎಲ್‌ಇ ಆಡಿಯೊ ಇಲ್ಲ. ನಮ್ಮ ಜೋಡಿಯಲ್ಲೂ ಇರಲಿಲ್ಲ. ಫೋನಿನಲ್ಲಿ ಜೋಡಣೆಯ ಪುಟ ತೆರೆದಾಗ ಆ ಹೆಸರಿನ ಆಯ್ಕೆಯೇ ಕಾಣಿಸಲಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ, ಮೀಟಿಂಗ್ ಶುರುವಾದ ಕೂಡಲೇ ಹಳೆಯ ಟೆಲಿಫೋನಿನಂತೆ ಆಗುತ್ತದೆ. ಬದಲಿಸಿ ಕೊಡುತ್ತೀರಾ?

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಇದೇ ಕಾರಣಕ್ಕೆ ಒಂದು ಜೋಡಿಯನ್ನು ಎರಡು ಬಾರಿ ಬದಲಿಸಿಕೊಂಡು ಹೋದರು. ಮೂರನೆಯ ಬಾರಿ ಬಂದಾಗ ‘ಅಣ್ಣ, ನನಗೇ ಯಾಕೆ ಪ್ರತಿ ಸಲ ಕೆಟ್ಟಿದ್ದೇ ಸಿಗುತ್ತದೆ?’ ಎಂದು ಬೇಸರದಿಂದ ಕೇಳಿದರು. ಕೆಟ್ಟದ್ದು ಯಾವುದೂ ಇರಲಿಲ್ಲ. ಹಳೆಯ ಬ್ಲೂಟೂತ್ ವ್ಯವಸ್ಥೆಯಲ್ಲಿ ಉತ್ತಮ ಸ್ಟೀರಿಯೊ ಧ್ವನಿ ಒಂದೇ ದಿಕ್ಕಿಗೆ ಹೋಗುತ್ತದೆ, ಲ್ಯಾಪ್‌ಟಾಪ್‌ನಿಂದ ಕಿವಿಗೆ. ಮೀಟಿಂಗ್ ಆ್ಯಪ್ ಬಡ್‌ನ ಮೈಕನ್ನು ಕೇಳಿದ ಕ್ಷಣ, ಎರಡೂ ದಿಕ್ಕಿಗೆ ಹೋಗುವ ಕರೆಯ ವ್ಯವಸ್ಥೆಗೆ ಬದಲಾಗುತ್ತದೆ. ಅದರಲ್ಲಿ ಧ್ವನಿಯ ಮಾದರಿಗಳನ್ನು ಸೆಕೆಂಡಿಗೆ 8 ಸಾವಿರ ಅಥವಾ 16 ಸಾವಿರ ಬಾರಿ ಮಾತ್ರ ತೆಗೆಯಲಾಗುತ್ತದೆ, ಹಾಡಿನಲ್ಲಿ ಅದು 44 ಸಾವಿರದ ಮೇಲಿರುತ್ತದೆ. ಮೀಟಿಂಗ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಮೈಕನ್ನು ಲ್ಯಾಪ್‌ಟಾಪ್‌ನದಕ್ಕೆ ಬದಲಿಸಿ, ಸ್ಪೀಕರ್ ಮಾತ್ರ ಇಯರ್‌ಬಡ್ ಎಂದು ಇಟ್ಟುಕೊಂಡಾಗ ಅವರ ತೊಂದರೆ ಅಂಗಡಿಯಲ್ಲೇ ತೀರಿತು. ಅಂದಿನಿಂದ ಪ್ರತಿ ಜೋಡಿಯನ್ನೂ ಒಂದು ವಿಂಡೋಸ್ ಲ್ಯಾಪ್‌ಟಾಪ್‌ನ ಕರೆಯಲ್ಲಿ ಪರೀಕ್ಷಿಸಿ, ಕೇಳಿಸಿದ್ದನ್ನು ಹಾಗೆಯೇ ಬರೆಯುತ್ತೇನೆ.

ಎರಡು ಬಗೆಯ ಮಾತುಗಳನ್ನು ಒಂದೇ ವಿವರಣೆಯಲ್ಲಿ ಬೇರೆಬೇರೆಯಾಗಿ ತೋರಿಸುವುದು ಹೇಗೆ?

ನಮ್ಮ ಭಾಷೆಯ ಕ್ರಿಯಾಪದವೇ ಈ ಕೆಲಸವನ್ನು ಮಾಡಿಕೊಡುತ್ತದೆ. ‘ಬರುತ್ತದೆ’ ಎಂದರೆ ಎಲ್ಲರಿಗೂ, ಎಂದೆಂದಿಗೂ ಎಂಬ ಅರ್ಥ ಹುಟ್ಟುತ್ತದೆ. ‘ಬಂತು’ ಎಂದರೆ ಒಂದು ದಿನ, ಒಂದು ಕಡೆ, ಒಬ್ಬರು ನೋಡಿದರು ಎಂದಾಗುತ್ತದೆ. ನಾವು ಅಳೆದದ್ದನ್ನು ಭೂತಕಾಲದಲ್ಲಿ, ಷರತ್ತುಗಳ ಸಹಿತ ಬರೆಯಬೇಕು. ಕಂಪನಿಯ ಮಾತಿಗೆ ಆಡುಮಾತಿನಲ್ಲಿ ‘ಬರುತ್ತದಂತೆ’ ಎಂಬ ಸೊಗಸಾದ ರೂಪವಿದೆ. ಆದರೆ ಬರಹದಲ್ಲಿ ಅದು ಅನುಮಾನದಂತೆ ಕೇಳಿಸುವುದರಿಂದ, ‘ಎಂದು ಕಂಪನಿ ಹೇಳುತ್ತದೆ’ ಎಂದು ಪೂರ್ತಿಯಾಗಿ ಬರೆಯುವುದು ಕಂಪನಿಗೂ ನ್ಯಾಯ. ಎರಡು ಬಗೆಯ ಅಂಕಿಗಳನ್ನು ಒಂದೇ ವಾಕ್ಯದಲ್ಲಿ ಬೆರೆಸಬಾರದು, ನಾವು ಅಳೆದ ಒಂದು ಚಾರ್ಜಿನ ಸಮಯವನ್ನು ಕಂಪನಿ ಹೇಳಿದ ‘ನಾಲ್ಕು ಬಾರಿ’ಯಿಂದ ಗುಣಿಸಲೂ ಬಾರದು. ಹಾಗೆ ಗುಣಿಸಿದರೆ ಯಾರದೂ ಅಲ್ಲದ ಅಂಕಿಯೊಂದು ಹುಟ್ಟುತ್ತದೆ.

ನಮ್ಮ ಜೋಡಿಗೆ ನಾನು ಕೊನೆಗೆ ಬರೆದ ವಿವರಣೆಯ ಭಾಗ ಇದು:

‘ಒಂದು ಚಾರ್ಜಿಗೆ 8 ಗಂಟೆಯವರೆಗೆ, ಕೇಸಿನ ಸಹಿತ ಒಟ್ಟು 40 ಗಂಟೆಯವರೆಗೆ ಬರುತ್ತದೆ ಎಂದು ಕಂಪನಿ ಹೇಳುತ್ತದೆ, ಇದು ಅರ್ಧ ವಾಲ್ಯೂಮ್‌ನಲ್ಲಿ, ನಾಯ್ಸ್ ಕ್ಯಾನ್ಸಲಿಂಗ್ ಇಲ್ಲದೆ. ಅದೇ ಬಗೆಯಲ್ಲಿ ನಾವು ಒಂದು ಜೋಡಿಯನ್ನು ನುಡಿಸಿದಾಗ ಒಂದು ಚಾರ್ಜಿಗೆ 7 ಗಂಟೆ 20 ನಿಮಿಷ, ಒಟ್ಟು 33 ಗಂಟೆ ಬಂತು. ನಾಯ್ಸ್ ಕ್ಯಾನ್ಸಲಿಂಗ್ ಆನ್ ಮಾಡಿದಾಗ ಒಂದು ಚಾರ್ಜಿಗೆ 5 ಗಂಟೆ 10 ನಿಮಿಷ ಬಂತು. ಆಂಡ್ರಾಯ್ಡ್ 14ರ ಫೋನಿನಲ್ಲಿ ಎಲ್‌ಡ್ಯಾಕ್ ನಡೆಯಿತು; ಆಗ ಎರಡು ಸಾಧನಗಳ ಜೋಡಣೆ ಇರಲಿಲ್ಲ. ಐಫೋನಿನಲ್ಲಿ ಎಎಸಿಯಲ್ಲಿ ನುಡಿಯುತ್ತದೆ. ವಿಂಡೋಸ್ ಲ್ಯಾಪ್‌ಟಾಪ್‌ನ ಕರೆಯಲ್ಲಿ ಬಡ್‌ನ ಮೈಕ್ ಬಳಸಿದಾಗ ಕೇಳುವ ಧ್ವನಿಯ ಗುಣಮಟ್ಟ ಇಳಿಯಿತು. ನೀರಿನ ತಡೆ ಐಪಿಎಕ್ಸ್4 ಎಂದು ಕಂಪನಿ ಹೇಳುತ್ತದೆ, ನಾವು ಪರೀಕ್ಷಿಸಿಲ್ಲ.’

‘ನಾವು ಪರೀಕ್ಷಿಸಿಲ್ಲ’ ಎಂದು ಬರೆದರೆ ಮಾರಾಟಕ್ಕೆ ತೊಂದರೆಯಲ್ಲವೇ?

ನಮ್ಮ ಅಂಗಡಿಯ ಯಜಮಾನರೂ ಮೊದಲು ಹೀಗೇ ಕೇಳಿದ್ದರು. ಐಪಿಎಕ್ಸ್4 ಎಂದರೆ ಎಲ್ಲ ದಿಕ್ಕಿನಿಂದ ಸಿಡಿಯುವ ಹನಿಗಳನ್ನು ತಡೆಯಬೇಕು ಎಂಬ ಮಟ್ಟ. ನಡುವಿನ ಎಕ್ಸ್ ಎಂದರೆ ಧೂಳಿನ ತಡೆಗೆ ಅಂಕಿ ಕೊಟ್ಟಿಲ್ಲ ಎಂದಷ್ಟೇ. ಇದನ್ನು ಮನೆಯ ನಲ್ಲಿಯ ಕೆಳಗೆ ಹಿಡಿದು ಪರೀಕ್ಷಿಸಿದರೆ ಆ ಮಟ್ಟದ ಪರೀಕ್ಷೆಯಾಗುವುದಿಲ್ಲ. ಮೇಲಾಗಿ ಈ ಮಾತು ಬಹುಮಟ್ಟಿಗೆ ಬಡ್‌ಗಳಿಗೆ ಮಾತ್ರ ಅನ್ವಯಿಸುತ್ತದೆ, ಕೇಸಿಗೆ ಅಲ್ಲ. ಮಳೆಯಲ್ಲಿ ನೆನೆದ ಬಡ್‌ನ್ನು ಒರೆಸದೆ ಕೇಸಿನಲ್ಲಿಟ್ಟು ಚಾರ್ಜಿಂಗ್ ಕಡ್ಡಿಗಳು ಹಸಿರುಗಟ್ಟಿದ ಕೇಸುಗಳನ್ನು ನಾನು ನೋಡಿದ್ದೇನೆ. ಈ ಎಚ್ಚರಿಕೆಯ ಸಾಲನ್ನು ಸೇರಿಸಿದ ಮೇಲೆ ಮಾರಾಟ ಇಳಿಯಲಿಲ್ಲ, ಅಂಥ ಕೇಸುಗಳನ್ನು ಹಿಡಿದು ಬರುವವರು ಕಡಿಮೆಯಾದರು.

ಒಮ್ಮೆ ಅಳೆದ ಅಂಕಿ ಎಷ್ಟು ದಿನ ನಿಲ್ಲುತ್ತದೆ?

ಎರಡು ಕಾರಣಗಳಿಂದ ಅದು ಹಳತಾಗುತ್ತದೆ. ಕಂಪನಿ ಆ್ಯಪ್ ಮೂಲಕ ಬಡ್‌ನ ತಂತ್ರಾಂಶವನ್ನು ಬದಲಿಸಿದರೆ ಬ್ಯಾಟರಿಯ ಬಳಕೆಯೂ, ಎಲ್‌ಡ್ಯಾಕ್ ಜೊತೆ ಎರಡು ಸಾಧನ ಜೋಡಿಸುವಂಥ ಸೌಲಭ್ಯಗಳೂ ಬದಲಾಗಬಹುದು. ಆದ್ದರಿಂದ ಆ್ಯಪ್‌ನಲ್ಲಿ ಕಾಣುವ ಆವೃತ್ತಿಯ ಸಂಖ್ಯೆಯನ್ನೂ ಪರೀಕ್ಷೆಯ ತಿಂಗಳನ್ನೂ ವಿವರಣೆಯ ಕೆಳಗೆ ಬರೆಯುತ್ತೇನೆ. ಎರಡನೆಯದು ಕೋಶದ ವಯಸ್ಸು. ಸಣ್ಣ ಲಿಥಿಯಂ ಕೋಶಗಳು ಸಾಮಾನ್ಯವಾಗಿ 300ರಿಂದ 500 ಪೂರ್ಣ ಚಾರ್ಜುಗಳ ಹೊತ್ತಿಗೆ ತಮ್ಮ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು ಕಳೆದುಕೊಂಡಿರುತ್ತವೆ. ದಿನಕ್ಕೊಂದು ಪೂರ್ಣ ಚಾರ್ಜಿನ ಲೆಕ್ಕದಲ್ಲಿ ಇದು ಸುಮಾರು ಹತ್ತರಿಂದ ಹದಿನಾರು ತಿಂಗಳು. ನಮ್ಮ ಜೋಡಿಯ 5 ಗಂಟೆ 10 ನಿಮಿಷ ಆಗ 4 ಗಂಟೆಯ ಸುತ್ತಮುತ್ತ ಬರಬಹುದು. ಇದು ಅಂದಾಜು, ಅಳೆದದ್ದಲ್ಲ. ಆ ಜೋಡಿಯನ್ನು ಅಂಗಡಿಯ ಹುಡುಗ ಈಗ ದಿನವೂ ಬಳಸುತ್ತಿದ್ದಾನೆ, ಬರುವ ಡಿಸೆಂಬರ್‌ನಲ್ಲಿ ಅದೇ ಎರಡು ಲೋಟಗಳಲ್ಲಿ ಮತ್ತೆ ಇಟ್ಟು ನೋಡುತ್ತೇನೆ.